ಮೀಟಿಂಗಿನ ‘ಈಸ್’, ಮೇಲ್‌ನಲ್ಲಿ ‘ವಾಸ್’

ನಮ್ಮಲ್ಲಿ ಬಹಳಷ್ಟು ಮೀಟಿಂಗುಗಳು ಕನ್ನಡದಲ್ಲಿ ನಡೆಯುತ್ತವೆ, ಅದರ ಮೇಲ್ ಮಾತ್ರ ಇಂಗ್ಲಿಷ್‌ನಲ್ಲಿ ಹೋಗುತ್ತದೆ. ಯಾರು ಏನು ಹೇಳಿದರು, ಯಾರು ಯಾವುದಕ್ಕೆ ಒಪ್ಪಿಕೊಂಡರು ಎಂಬುದನ್ನು ಸಂಜೆಯೊಳಗೆ ಬರೆದು ಎಲ್ಲರಿಗೂ ಕಳಿಸಬೇಕು. ಮಾತು ಗೊತ್ತಿರುತ್ತದೆ, ಪದಗಳೂ ಗೊತ್ತಿರುತ್ತವೆ. ಆದರೂ ‘ಹೇಳಿದರು’ ಎಂದು ಬರೆದ ಮೇಲೆ ಮುಂದಿನ ಕ್ರಿಯಾಪದದ ಹತ್ತಿರ ಕೈ ನಿಲ್ಲುತ್ತದೆ. ‘ಈಸ್’ ಹಾಕಬೇಕೋ ‘ವಾಸ್’ ಹಾಕಬೇಕೋ? ‘ವಿಲ್’ ಸರಿಯೋ ‘ವುಡ್’ ಸರಿಯೋ? ಹೈಸ್ಕೂಲಿನಲ್ಲಿ ಡೈರೆಕ್ಟ್ ಸ್ಪೀಚನ್ನು ಇನ್‌ಡೈರೆಕ್ಟ್ ಮಾಡಿ ಅಂಕ ತೆಗೆದವರೂ ಇಲ್ಲಿ ತಡವರಿಸುತ್ತಾರೆ. ಪರೀಕ್ಷೆಯಲ್ಲಿ ವಾಕ್ಯವನ್ನು ಬದಲಿಸಿದರೆ ಮುಗಿಯುತ್ತಿತ್ತು. ಮೇಲ್‌ನಲ್ಲಿ ಆ ವಾಕ್ಯವನ್ನು ನಂಬಿಕೊಂಡು ಯಾರೋ ಲಾರಿ ಬುಕ್ ಮಾಡುತ್ತಾರೆ.

ಒಂದು ಉದಾಹರಣೆ ಇಟ್ಟುಕೊಂಡೇ ನೋಡೋಣ. ಪೀಣ್ಯದಲ್ಲಿ ಲೋಹದ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆ ಇದೆ ಎಂದುಕೊಳ್ಳಿ. ಮಾರ್ಚ್ 10, ಮಂಗಳವಾರ ಮಧ್ಯಾಹ್ನ ಅಲ್ಲಿ ಮೀಟಿಂಗ್. ಡೈ ಮಾಡಿಕೊಡುವ ವೆಂಡರ್ ಬಂದಿದ್ದಾರೆ, ಕ್ವಾಲಿಟಿ ನೋಡಿಕೊಳ್ಳುವ ಮೇಡಂ ಇದ್ದಾರೆ, ಅಕೌಂಟ್ಸ್‌ನವರಿದ್ದಾರೆ. ಮಾಲು ಕೊಳ್ಳುವ ಹೊರದೇಶದ ಕಂಪನಿಯವರು ಫೋನಿನಲ್ಲಿದ್ದಾರೆ. ವೆಂಡರ್ ಹೇಳಿದ್ದು ಇಷ್ಟು: “ಡೈ ರೆಡಿ ಇದೆ ಸಾರ್, ನಾಳೆ ಕಳಿಸ್ತೀನಿ.”

ಸಂಜೆ ಮೇಲ್ ಬರೆಯುವ ಹುಡುಗ ಹೀಗೆ ಬರೆಯುತ್ತಾನೆ: “ದ ವೆಂಡರ್ ಸೆಡ್ ದಟ್ ದ ಡೈ ಈಸ್ ರೆಡಿ ಅಂಡ್ ಹಿ ವಿಲ್ ಸೆಂಡ್ ಇಟ್ ಟುಮಾರೋ.” ಕನ್ನಡದ ಕಿವಿಗೆ ಇದರಲ್ಲಿ ಯಾವ ತಪ್ಪೂ ಕೇಳಿಸುವುದಿಲ್ಲ. ‘ಡೈ ರೆಡಿ ಇದೆ, ನಾಳೆ ಕಳಿಸ್ತೀನಿ ಅಂತ ಹೇಳಿದರು’ ಎಂಬುದನ್ನು ಹಾಗೆಯೇ ಇಂಗ್ಲಿಷ್‌ಗೆ ಇಳಿಸಿದ್ದಾನೆ, ಅಷ್ಟೇ. ಕೊಳ್ಳುವ ಕಂಪನಿಯ ಮ್ಯಾನೇಜರ್ ಆ ಮೇಲನ್ನು ತೆರೆಯುವುದು ಶುಕ್ರವಾರ. ಅವರು ಓದಿದಾಗ ‘ಟುಮಾರೋ’ ಎಂದರೆ ಶನಿವಾರ ಆಗಬಹುದು. ‘ಈಸ್ ರೆಡಿ’ ಎಂದರೆ ಡೈ ಸಿದ್ಧವಿರುವುದನ್ನು ಕಾರ್ಖಾನೆಯವರೇ ಕಣ್ಣಾರೆ ಕಂಡು ಹೇಳುತ್ತಿದ್ದಾರೆ ಎಂದಾಗಬಹುದು. ವೆಂಡರ್ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ಕಾರ್ಖಾನೆ ಜಾಮೀನು ನಿಂತಂತಾಯಿತು.

ಸರಿಯಾದ ವಾಕ್ಯ ಹೀಗಿರುತ್ತದೆ: “ದ ವೆಂಡರ್ ಸೆಡ್ ದಟ್ ದ ಡೈ ವಾಸ್ ರೆಡಿ ಅಂಡ್ ದಟ್ ಹಿ ವುಡ್ ಸೆಂಡ್ ಇಟ್ ಆನ್ ವೆಡ್ನೆಸ್‌ಡೇ, 11 ಮಾರ್ಚ್.”

ಈ ವಾಕ್ಯವನ್ನು ತೋರಿಸಿದರೆ ನಮ್ಮವರು ಹೆಚ್ಚಾಗಿ ಕೇಳುವ ಪ್ರಶ್ನೆ ಒಂದೇ. “ಡೈ ಈಗಲೂ ರೆಡಿ ಇದೆಯಲ್ಲ? ‘ವಾಸ್’ ಅಂದರೆ ಆಗ ಇತ್ತು, ಈಗ ಇಲ್ಲ ಅಂತಾಗುವುದಿಲ್ಲವೇ?” ಇದು ದಡ್ಡ ಪ್ರಶ್ನೆಯಲ್ಲ. ತೊಡಕಿನ ಬೇರು ಇರುವುದೇ ಇಲ್ಲಿ, ಅದಕ್ಕೆ ಸ್ವಲ್ಪ ನಿಂತು ನೋಡಬೇಕು.

ಕನ್ನಡದಲ್ಲಿ ‘ಎಂದು’ ಅಥವಾ ‘ಅಂತ’ ಬಂದರೆ ಅದರ ಹಿಂದಿನ ಮಾತು ಹೇಳಿದವರ ಹೊತ್ತಿನಲ್ಲೇ ಉಳಿಯುತ್ತದೆ. ‘ಡೈ ರೆಡಿ ಇದೆ ಎಂದು ಹೇಳಿದರು’ ಎಂಬಲ್ಲಿ ‘ಇದೆ’ ಎಂಬುದು ವೆಂಡರ್ ಮಾತಾಡಿದ ಮಂಗಳವಾರದ ‘ಇದೆ’. ನಾವು ಬುಧವಾರ ಬರೆದರೂ ಮುಂದಿನ ತಿಂಗಳು ಬರೆದರೂ ಅದು ‘ಇದೆ’ಯೇ. ‘ರೆಡಿ ಇತ್ತು ಎಂದು ಹೇಳಿದರು’ ಎಂದರೆ ಅರ್ಥವೇ ಬೇರೆ: ಮೀಟಿಂಗಿಗಿಂತ ಮೊದಲು ಯಾವಾಗಲೋ ರೆಡಿ ಇತ್ತು ಎಂದು ಅವರು ಹೇಳಿದರು. ಹಿಂದಿಯಲ್ಲೂ ‘ಕಿ’ ಆದ ಮೇಲೆ ಮಾತು ಮೂಲದ ಕಾಲದಲ್ಲೇ ಬರುತ್ತದೆ. ರಷ್ಯನ್, ಜಪಾನೀಸ್ ಭಾಷೆಗಳ ರೂಢಿಯೂ ಹೆಚ್ಚುಕಡಿಮೆ ಇದೇ.

ಇಂಗ್ಲಿಷ್ ಹಾಗಲ್ಲ. ಅದು ಹೇಳಿದವರ ಗಡಿಯಾರವನ್ನು ಬಿಟ್ಟು ಬರೆಯುವವರ ಗಡಿಯಾರವನ್ನು ನೋಡುತ್ತದೆ. ‘ಸೆಡ್’ ಎಂದು ಒಮ್ಮೆ ಭೂತಕಾಲಕ್ಕೆ ಹೋದರೆ, ಅದರ ಒಳಗಿನ ಮಾತೂ ಒಂದು ಮೆಟ್ಟಿಲು ಹಿಂದಕ್ಕೆ ಸರಿಯುತ್ತದೆ. ‘ಈಸ್’ ‘ವಾಸ್’ ಆಗುತ್ತದೆ, ‘ವಿಲ್’ ‘ವುಡ್’ ಆಗುತ್ತದೆ, ‘ಹ್ಯಾಸ್ ಸೆಂಟ್’ ‘ಹ್ಯಾಡ್ ಸೆಂಟ್’ ಆಗುತ್ತದೆ. ಈ ಸರಿದ ‘ವಾಸ್’ ‘ಈಗ ಇಲ್ಲ’ ಎಂದು ಹೇಳುತ್ತಿಲ್ಲ. ‘ಇದು ಅವರು ಅಂದು ಆಡಿದ ಮಾತು, ಈಗಿನ ಸ್ಥಿತಿಯ ಬಗ್ಗೆ ನಾನು ಏನೂ ಹೇಳುತ್ತಿಲ್ಲ’ ಎಂಬುದಷ್ಟೇ ಅದರ ಸೂಚನೆ. ಇಂಗ್ಲಿಷ್ ಬಲ್ಲ ಓದುಗ ಅದನ್ನು ಹಾಗೇ ಓದುತ್ತಾನೆ. ನಮ್ಮ ‘ಇತ್ತು’ವಿನ ಭಾರವನ್ನು ಅದರ ಮೇಲೆ ಹೊರಿಸಬಾರದು.

ಹಾಗಾದರೆ ‘ಸೆಡ್ ದಟ್ ದ ಡೈ ಈಸ್ ರೆಡಿ’ ಎಂಬುದು ತಪ್ಪೇ? ವ್ಯಾಕರಣದ ದೃಷ್ಟಿಯಿಂದ ಯಾವಾಗಲೂ ತಪ್ಪಲ್ಲ. ರೆನ್ ಅಂಡ್ ಮಾರ್ಟಿನ್ ಪುಸ್ತಕ ಓದಿ ಬೆಳೆದವರಿಗೆ ‘ಭೂಮಿ ಸೂರ್ಯನ ಸುತ್ತ ತಿರುಗುತ್ತದೆ’ ಎಂಬಂಥ ಸಾರ್ವಕಾಲಿಕ ಸತ್ಯಕ್ಕೆ ಕಾಲ ಬದಲಿಸಬೇಕಿಲ್ಲ ಎಂಬ ನಿಯಮ ನೆನಪಿರುತ್ತದೆ. ಕಚೇರಿಯ ಮೇಲ್‌ಗಳಲ್ಲಿ ಸಾರ್ವಕಾಲಿಕ ಸತ್ಯಗಳು ಬರುವುದು ಕಡಿಮೆ. ಆದರೆ ಆ ನಿಯಮದ ಹಿಂದಿರುವ ತತ್ವ ಅಲ್ಲೂ ಕೆಲಸ ಮಾಡುತ್ತದೆ: ಬರೆಯುವ ಹೊತ್ತಿಗೂ ಮಾತು ನಿಜವಾಗಿದ್ದು, ಅದನ್ನು ಬರೆಯುವವರೂ ಒಪ್ಪುವುದಾದರೆ ವರ್ತಮಾನವನ್ನೇ ಉಳಿಸಬಹುದು. ಸಂಜೆ ನಾಲ್ಕಕ್ಕೆ ನಿಮ್ಮ ಸೂಪರ್‌ವೈಸರ್ ವೆಂಡರ್‌ನ ಶೆಡ್ಡಿಗೆ ಹೋಗಿ ಡೈ ನೋಡಿ ಬಂದಿದ್ದರೆ ‘ಈಸ್ ರೆಡಿ’ ಎಂದು ಧಾರಾಳವಾಗಿ ಬರೆಯಿರಿ. ನೋಡಿಲ್ಲವೆಂದರೆ ‘ವಾಸ್’. ಆಯ್ಕೆ ಮಾಡಬೇಕಾದ್ದು ಹೊಣೆ ಯಾರದು ಎಂಬುದನ್ನು ನೋಡಿ. ಇದೊಂದು ವ್ಯತ್ಯಾಸ ಮನಸ್ಸಿಗೆ ಹತ್ತಿದರೆ ಉಳಿದ ಪಟ್ಟಿಗಳನ್ನು ಬಾಯಿಪಾಠ ಮಾಡುವ ಅಗತ್ಯವೇ ಬಹುಮಟ್ಟಿಗೆ ಇಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ.

ಇಲ್ಲಿಗೆ ಮೊದಲ ಮಾತು ದಾಟಿತು. ಕ್ವಾಲಿಟಿ ಮೇಡಂ ಮಾತಿನಲ್ಲಿ ಇದಕ್ಕಿಂತ ದೊಡ್ಡ ಗುಂಡಿ ಇದೆ. ಅವರು ಹೇಳಿದ್ದು: “ಹೋದ ವಾರ ಮೊದಲ ಲಾಟ್ ಚೆಕ್ ಮಾಡಿದೆ. ಎರಡು ಪೀಸ್‌ನಲ್ಲಿ ಕ್ರ್ಯಾಕ್ ಇತ್ತು.” ಆ ಎರಡು ಪೀಸನ್ನು ಅವರು ಆಗಲೇ ತೆಗೆಸಿ, ಬದಲಿ ಹಾಕಿಸಿದ್ದಾರೆ. ಮೇಲ್‌ನಲ್ಲಿ ಬಂದದ್ದು: “ದ ಕ್ವಾಲಿಟಿ ಹೆಡ್ ಸೆಡ್ ದಟ್ ಟೂ ಪೀಸಸ್ ವರ್ ಕ್ರ್ಯಾಕ್ಡ್.”

ಈ ವಾಕ್ಯದಲ್ಲಿ ಒಂದೂ ವ್ಯಾಕರಣದ ದೋಷವಿಲ್ಲ. ಆದರೆ ಮೂಲ ಮಾತು ಏನಿತ್ತು ಎಂದು ಓದುಗ ಹಿಂದಕ್ಕೆ ಹೋಗಿ ಊಹಿಸಿದರೆ ಅವನಿಗೆ ಎರಡು ಉತ್ತರ ಸಿಗುತ್ತವೆ. ‘ಆರ್ ಕ್ರ್ಯಾಕ್ಡ್’ ಎಂದಿದ್ದರೂ ಅದು ಸರಿದು ‘ವರ್’ ಆಗುತ್ತದೆ. ‘ವರ್ ಕ್ರ್ಯಾಕ್ಡ್’ ಎಂದೇ ಹೇಳಿ, ಬರೆದವರು ಅದನ್ನು ಸರಿಸದೆ ಬಿಟ್ಟಿದ್ದರೂ ‘ವರ್’ ಆಗಿಯೇ ಇರುತ್ತದೆ. ಓದುಗನಿಗೆ ಮೊದಲು ಹೊಳೆಯುವುದು ಮೊದಲನೆಯದೇ: ಈ ಹೊತ್ತು ಲಾಟ್‌ನಲ್ಲಿ ಒಡಕು ಪೀಸುಗಳಿವೆ. ಮರುದಿನ ಬೆಳಗ್ಗೆ ಇಡೀ ಲಾಟ್ ತಡೆಹಿಡಿಯಿರಿ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಕಿಲ್ಲ.

ಶಾಲೆಯಲ್ಲಿ ಕಲಿತ ‘ಹ್ಯಾಡ್’ ಇಲ್ಲಿ ಕೆಲಸಕ್ಕೆ ಬರುತ್ತದೆ. ಹೇಳಿದವರೇ ಭೂತಕಾಲದಲ್ಲಿ ಹೇಳಿದ್ದರೆ ಅದು ಇನ್ನೊಂದು ಮೆಟ್ಟಿಲು ಹಿಂದೆ ಹೋಗಿ ‘ಹ್ಯಾಡ್ ಬೀನ್’ ಆಗುತ್ತದೆ: “ದ ಕ್ವಾಲಿಟಿ ಹೆಡ್ ಸೆಡ್ ದಟ್ ಟೂ ಪೀಸಸ್ ಹ್ಯಾಡ್ ಬೀನ್ ಫೌಂಡ್ ಕ್ರ್ಯಾಕ್ಡ್ ಆನ್ 4 ಮಾರ್ಚ್ ಅಂಡ್ ಹ್ಯಾಡ್ ಬೀನ್ ರಿಪ್ಲೇಸ್ಡ್.” ಈಗ ಅನುಮಾನಕ್ಕೆ ಜಾಗವಿಲ್ಲ. ಒಡಕು ಕಂಡದ್ದು, ಬದಲಿಸಿದ್ದು ಎರಡೂ ಮೀಟಿಂಗಿಗಿಂತ ಮೊದಲು ಮುಗಿದ ಸಂಗತಿಗಳು.

ಹಾಗೆಂದು ಎಲ್ಲ ಭೂತಕಾಲಕ್ಕೂ ‘ಹ್ಯಾಡ್’ ಅಂಟಿಸುತ್ತಾ ಹೋದರೆ ಮೇಲ್ ಓದಲು ಕಷ್ಟವಾಗುತ್ತದೆ. ದಿನಾಂಕ ಸ್ಪಷ್ಟವಾಗಿದ್ದಾಗ ಇಂಗ್ಲಿಷ್‌ನವರೂ ಸರಳ ಭೂತಕಾಲವನ್ನೇ ಇಟ್ಟುಕೊಳ್ಳುತ್ತಾರೆ. ‘ಸೆಡ್ ದಟ್ ಶಿ ಚೆಕ್ಡ್ ದ ಲಾಟ್ ಆನ್ 4 ಮಾರ್ಚ್’ ಎಂದರೆ ಸಾಕು, 4ನೇ ತಾರೀಖು 10ಕ್ಕಿಂತ ಮೊದಲು ಬಂತೆಂದು ಎಲ್ಲರಿಗೂ ಗೊತ್ತು. ‘ಚೆಕ್’ನಂಥ ಕೆಲಸದ ಕ್ರಿಯಾಪದಗಳಲ್ಲಿ ಗೊಂದಲ ಕಡಿಮೆ. ‘ವಾಸ್, ವರ್’ ಎಂಬ ಇರುವಿಕೆಯ ಕ್ರಿಯಾಪದಗಳಲ್ಲೇ ಅಪಾಯ ಹೆಚ್ಚು, ಏಕೆಂದರೆ ಒಂದು ಸ್ಥಿತಿ ಆಗ ಇದ್ದು ಈಗಲೂ ಇರಬಹುದು. ಯಂತ್ರ ಕೆಟ್ಟಿದೆ, ಸ್ಟಾಕ್ ಕಡಿಮೆ ಇದೆ, ಸರ್ವರ್ ನಿಂತಿದೆ, ಬಿಲ್ ಬಾಕಿ ಇದೆ ಎಂಬಂಥ ಮಾತುಗಳನ್ನು ವರದಿ ಮಾಡುವಾಗ ನಿಂತು ಎರಡು ಸಲ ಓದಬೇಕು.

ಇನ್ನು ‘ಕ್ಯಾನ್’. ಕೊಳ್ಳುವ ಕಂಪನಿಯವರು 20ನೇ ತಾರೀಖಿನೊಳಗೆ ಮಾಲು ಬೇಕೆಂದರು. ಕಾರ್ಖಾನೆಯ ಮ್ಯಾನೇಜರ್ “ವಿ ಕ್ಯಾನ್ ಶಿಪ್ ಬೈ ದ ಟ್ವೆಂಟಿಯತ್” ಎಂದು ಗಟ್ಟಿಯಾಗಿ ಹೇಳಿದರು. ನಿಯಮದ ಪ್ರಕಾರ ‘ಕ್ಯಾನ್’ ‘ಕುಡ್’ ಆಗಬೇಕು: ‘ಸೆಡ್ ದಟ್ ವಿ ಕುಡ್ ಶಿಪ್’. ಸರಿಯಾದ ವಾಕ್ಯವೇ. ಆದರೆ ‘ಕುಡ್’ಗೆ ಇನ್ನೊಂದು ಮುಖವಿದೆ, ‘ಕಳಿಸಿದರೆ ಕಳಿಸಬಹುದು’ ಎಂಬ ಸಡಿಲ ಮುಖ. ಮ್ಯಾನೇಜರ್ ಮೊದಲೇ ‘ಕುಡ್’ ಎಂದಿದ್ದರೂ ವರದಿಯಲ್ಲಿ ಅದು ಬದಲಾಗದೆ ‘ಕುಡ್’ ಆಗಿಯೇ ಉಳಿಯುತ್ತದೆ. ‘ವುಡ್, ಶುಡ್, ಮೈಟ್’ಗಳೂ ಹೀಗೆ, ಹಿಂದೆ ಸರಿಯಲು ಅವಕ್ಕೆ ಜಾಗವಿಲ್ಲ. ಹೀಗಾಗಿ ಗಟ್ಟಿ ಮಾತು, ಸಡಿಲ ಮಾತು ಎರಡೂ ಮೇಲ್‌ನಲ್ಲಿ ಒಂದೇ ರೂಪ ತಾಳುತ್ತವೆ.

ಇದಕ್ಕೆ ಮದ್ದು ಕಾಲದಲ್ಲಿಲ್ಲ, ‘ಸೆಡ್’ನ ಜಾಗದಲ್ಲಿ ಬರುವ ಕ್ರಿಯಾಪದದಲ್ಲಿದೆ. ಒಪ್ಪಿಕೊಂಡಿದ್ದರೆ ‘ಅಗ್ರೀಡ್ ಟು ಶಿಪ್ ಬೈ 20 ಮಾರ್ಚ್’, ಮಾತು ಕೊಟ್ಟಿದ್ದರೆ ‘ಪ್ರಾಮಿಸ್ಡ್ ಟು’, ಮುಂದೆ ಬಂದು ಹೇಳಿದ್ದರೆ ‘ಆಫರ್ಡ್ ಟು’. ಇವುಗಳ ಮುಂದೆ ಬರುವ ‘ಟು ಶಿಪ್’ಗೆ ಕಾಲವೇ ಇಲ್ಲ, ಹಾಗಾಗಿ ಹೊಂದಿಸುವ ತಾಪತ್ರಯವೂ ಇಲ್ಲ. ನನಗೆ ಕೇಳಿದರೆ ಮೇಲ್ ಬರೆಯುವವರು ಮೊದಲು ರೂಢಿ ಮಾಡಿಕೊಳ್ಳಬೇಕಾದದ್ದು ಇದನ್ನೇ. ಆದರೆ ಒಂದು ಎಚ್ಚರ ಬೇಕು. “ನೋಡ್ತೀನಿ, ಟ್ರೈ ಮಾಡ್ತೀನಿ” ಎಂದು ಹೇಳಿದವರ ಮಾತನ್ನು ‘ಅಗ್ರೀಡ್’ ಎಂದು ಬರೆಯುವುದು ಅನ್ಯಾಯ. ಅದು ‘ಸೆಡ್ ದಟ್ ಹಿ ವುಡ್ ಟ್ರೈ’ ಎಂದೇ ಹೋಗಬೇಕು, ಬಾಸ್‌ಗೆ ಎಷ್ಟೇ ಬೇಸರವಾದರೂ ಸರಿ.

ಅಕೌಂಟ್ಸ್‌ನವರು “ಅಡ್ವಾನ್ಸ್ ಬರದೆ ಮಾಲು ಹೊರಗೆ ಹೋಗಬಾರದು” ಎಂದರು. ಇಂಗ್ಲಿಷ್‌ನಲ್ಲಿ ಇದು ‘ಮಸ್ಟ್’. ಹಳೆಯ ಅಭ್ಯಾಸದ ಪುಸ್ತಕಗಳು ‘ಮಸ್ಟ್’ ಅನ್ನು ‘ಹ್ಯಾಡ್ ಟು’ ಮಾಡಿಸುತ್ತವೆ. ಅದು ಮಾಡಬಹುದಾದ ಬದಲಾವಣೆ, ಮಾಡಲೇಬೇಕಾದದ್ದಲ್ಲ. ‘ದ ಅಡ್ವಾನ್ಸ್ ಹ್ಯಾಡ್ ಟು ಬಿ ಪೇಯ್ಡ್’ ಎಂದು ಓದಿದವರಿಗೆ ಅಡ್ವಾನ್ಸ್ ಕೊಟ್ಟು ಮುಗಿದ ಕಥೆಯಂತೆ ಕಾಣಬಹುದು. ಷರತ್ತು ಇನ್ನೂ ಜಾರಿಯಲ್ಲಿದ್ದರೆ ‘ಮಸ್ಟ್ ಬಿ ಪೇಯ್ಡ್ ಬಿಫೋರ್ ಡಿಸ್ಪ್ಯಾಚ್’ ಎಂದೇ ಉಳಿಸುವುದು ಒಳ್ಳೆಯದು.

ಪ್ರಶ್ನೆಗಳನ್ನು ವರದಿ ಮಾಡುವಾಗ ನಮ್ಮ ‘ಅಂತ’ ಮತ್ತೆ ಅಡ್ಡ ಬರುತ್ತದೆ. ‘ಯಾವಾಗ ಕಳಿಸ್ತೀರಿ ಅಂತ ಕೇಳಿದರು’ ಎಂಬುದು ಕನ್ನಡದಲ್ಲಿ ಪ್ರಶ್ನೆಯನ್ನು ಇದ್ದ ಹಾಗೇ ಎತ್ತಿ ಕೂರಿಸುತ್ತದೆ. ಅದೇ ಅಚ್ಚು ಇಂಗ್ಲಿಷ್‌ಗೆ ಬಂದು ‘ದೇ ಆಸ್ಕ್ಡ್ ದಟ್ ವೆನ್ ವಿಲ್ ವಿ ಶಿಪ್’ ಆಗುತ್ತದೆ. ‘ಅಂತ’ದ ಜಾಗಕ್ಕೆ ‘ದಟ್’ ಬಂತು, ಪ್ರಶ್ನೆಯ ಕ್ರಮ ಹಾಗೇ ಉಳಿಯಿತು. ಇಂಗ್ಲಿಷ್‌ನಲ್ಲಿ ವರದಿಯಾದ ಪ್ರಶ್ನೆ ಪ್ರಶ್ನೆಯಾಗಿ ಉಳಿಯುವುದಿಲ್ಲ, ಸಾದಾ ಹೇಳಿಕೆಯ ಕ್ರಮಕ್ಕೆ ಬರುತ್ತದೆ: ‘ದೇ ಆಸ್ಕ್ಡ್ ವೆನ್ ವಿ ವುಡ್ ಶಿಪ್’. ‘ದಟ್’ ಬೇಡ, ‘ವಿ’ ಮೊದಲು, ‘ವುಡ್’ ಆಮೇಲೆ, ಕೊನೆಗೆ ಪ್ರಶ್ನಾರ್ಥಕ ಚಿಹ್ನೆಯೂ ಬೇಡ. ಹೌದು-ಇಲ್ಲ ಎಂಬ ಉತ್ತರದ ಪ್ರಶ್ನೆಯಾದರೆ ‘ವೆದರ್’ ಸೇರುತ್ತದೆ.

ಸರ್ವನಾಮದ ವಿಷಯದಲ್ಲಿ ಕನ್ನಡಕ್ಕಿರುವ ಅನುಕೂಲ ಇಂಗ್ಲಿಷ್‌ಗಿಲ್ಲ. ‘ತಾನು ಕಳಿಸುವುದಾಗಿ ವೆಂಡರ್ ಮ್ಯಾನೇಜರ್‌ಗೆ ಹೇಳಿದ’ ಎಂದರೆ ಕಳಿಸುವವನು ವೆಂಡರೇ ಎಂದು ‘ತಾನು’ ತೋರಿಸಿಕೊಡುತ್ತದೆ. ಇಂಗ್ಲಿಷ್‌ನ ‘ಹಿ’ ಇಬ್ಬರಲ್ಲಿ ಯಾರಾದರೂ ಆಗಬಹುದು. ಗಂಡಸರಿಬ್ಬರು ಒಂದೇ ವಾಕ್ಯದಲ್ಲಿದ್ದರೆ ಎರಡನೇ ಸಲವೂ ಹೆಸರನ್ನೋ ಹುದ್ದೆಯನ್ನೋ ಬರೆದುಬಿಡುವುದೇ ಸುಲಭ.

ವಾಕ್ಯ ಮುಗಿದ ಮೇಲೂ ‘ಸೆಡ್’ನ ಪ್ರಭಾವ ಮುಂದುವರಿಯುತ್ತದೆ ಎಂದು ನಂಬಿ ಬರೆಯುವುದು ಪುಸ್ತಕಗಳಲ್ಲಿ ಅಷ್ಟಾಗಿ ಸಿಗದ, ಮೇಲ್‌ಗಳಲ್ಲಿ ಧಾರಾಳವಾಗಿ ಸಿಗುವ ತೊಂದರೆ. “ದ ವೆಂಡರ್ ಸೆಡ್ ದಟ್ ದ ಡೈ ವಾಸ್ ರೆಡಿ. ಹಿ ವುಡ್ ಸೆಂಡ್ ಇಟ್ ಆನ್ 11 ಮಾರ್ಚ್.” ಮೊದಲ ವಾಕ್ಯದ ‘ವಾಸ್’ಗೆ ‘ಸೆಡ್’ ಆಸರೆಯಾಗಿದೆ. ಎರಡನೆಯ ವಾಕ್ಯದ ‘ವುಡ್’ಗೆ ಆಸರೆ ಇಲ್ಲ. ಕಥೆ ಬರೆಯುವವರು ಹೀಗೆ ಬರೆಯುತ್ತಾರೆ, ಓದುಗನೂ ಹಿಂದಿನ ‘ಸೆಡ್’ ಅನ್ನು ಮನಸ್ಸಿನಲ್ಲಿ ಮುಂದುವರಿಸುತ್ತಾನೆ. ವ್ಯವಹಾರದ ಮೇಲ್‌ನಲ್ಲಿ ಒಂಟಿ ‘ವುಡ್’ ಕಂಡರೆ ಹೊರದೇಶದ ಓದುಗನಿಗೆ ‘ಕಳಿಸುತ್ತಿದ್ದ, ಆದರೆ…’ ಎಂಬ ಧ್ವನಿ ಕೇಳಬಹುದು. ನಮ್ಮ ದೇಶದ ಇಂಗ್ಲಿಷ್‌ನಲ್ಲಿ ‘ಐ ವುಡ್ ಬಿ ಸೆಂಡಿಂಗ್’ ಎಂದು ‘ವಿಲ್’ ಬದಲಿಗೆ ವಿನಯಕ್ಕಾಗಿ ‘ವುಡ್’ ಬಳಸುವ ರೂಢಿಯೂ ಇದೆ, ಅದು ಈ ಗೊಂದಲಕ್ಕೆ ಇನ್ನಷ್ಟು ಸೇರಿಸುತ್ತದೆ. ಎರಡನೆಯ ವಾಕ್ಯಕ್ಕೂ ‘ಹಿ ಆಡೆಡ್ ದಟ್’ ಎಂಬ ಆಸರೆ ಕೊಡಬೇಕು, ಇಲ್ಲವೇ ಎರಡನ್ನೂ ‘ಅಂಡ್ ದಟ್’ ಹಾಕಿ ಒಂದೇ ವಾಕ್ಯ ಮಾಡಬೇಕು.

ಇಷ್ಟೆಲ್ಲ ಲೆಕ್ಕ ಬೇಡವೆನ್ನುವವರಿಗೆ ಇಂಗ್ಲಿಷ್ ಒಂದು ಒಳದಾರಿ ಇಟ್ಟಿದೆ. ‘ಸೆಡ್’ ಬದಲು ‘ಹ್ಯಾಸ್ ಕನ್‌ಫರ್ಮ್ಡ್’ ಎಂದರೆ ಕ್ರಿಯಾಪದ ವರ್ತಮಾನಕ್ಕೆ ಅಂಟಿಕೊಂಡೇ ಇರುತ್ತದೆ, ಒಳಗಿನ ಮಾತು ಸರಿಯಬೇಕಿಲ್ಲ: ‘ದ ಬಾಯರ್ ಹ್ಯಾಸ್ ಕನ್‌ಫರ್ಮ್ಡ್ ದಟ್ ದ ಡ್ರಾಯಿಂಗ್ ಈಸ್ ಫೈನಲ್’. ಅದೇ ದಿನ ಹೋಗುವ ಮೇಲ್‌ಗೆ ಇದು ಚೆನ್ನಾಗಿ ಒಗ್ಗುತ್ತದೆ. ಆದರೆ ಇದರ ಜೊತೆ ‘ಆನ್ 10 ಮಾರ್ಚ್ ಹ್ಯಾಸ್ ಕನ್‌ಫರ್ಮ್ಡ್’ ಎಂದು ಕಳೆದ ತಾರೀಖು ಸೇರಿಸುವಂತಿಲ್ಲ. ತಾರೀಖು ಬೇಕಾದರೆ ‘ಕನ್‌ಫರ್ಮ್ಡ್’ ಎಂಬ ಸರಳ ಭೂತಕಾಲಕ್ಕೆ ಮರಳಲೇಬೇಕು. ವಾರಗಟ್ಟಲೆ ಉಳಿದು, ಮುಂದೊಂದು ದಿನ ಜಗಳದಲ್ಲಿ ಸಾಕ್ಷಿಯಾಗಬಹುದಾದ ಮೇಲ್‌ಗೆ ತಾರೀಖಿರುವ ಭೂತಕಾಲವೇ ಗಟ್ಟಿ.

ಎಲ್ಲವನ್ನೂ ಯಾರೋ ಹೇಳಿದ್ದು ಎಂಬ ರೂಪದಲ್ಲೇ ಬರೆಯಬೇಕೆಂದೂ ಇಲ್ಲ. ಮಾತು ಬೇರೆ, ತೀರ್ಮಾನ ಬೇರೆ. ಮೀಟಿಂಗ್ ತೀರ್ಮಾನಿಸಿದ್ದನ್ನು ಮೇಲ್‌ನ ಕೊನೆಯಲ್ಲಿ ‘ಸೆಡ್’ ಇಲ್ಲದೆ ನೇರವಾಗಿ ಬರೆಯಬಹುದು: ‘ವೆಂಡರ್ ಟು ಡೆಲಿವರ್ ಡೈ ಬೈ 11 ಮಾರ್ಚ್’. ಮೇಲಿನ ಭಾಗದಲ್ಲಿ ಯಾರು ಏನು ಹೇಳಿದರು ಎಂಬುದು ಸರಿದ ಕಾಲದಲ್ಲಿ ಇರುತ್ತದೆ, ಕೆಳಗಿನ ಭಾಗದಲ್ಲಿ ಯಾರು ಏನು ಮಾಡಬೇಕು ಎಂಬುದು ಕಾಲವಿಲ್ಲದ ರೂಪದಲ್ಲಿ ಇರುತ್ತದೆ. ಎರಡನ್ನೂ ಕಲಸಿದಾಗಲೇ ಓದುಗನಿಗೆ ಯಾವುದು ವರದಿ, ಯಾವುದು ಆದೇಶ ಎಂದು ತಿಳಿಯದೆ ಹೋಗುವುದು.

ಪೀಣ್ಯದ ಆ ಹುಡುಗನ ಮೇಲ್ ಈಗ ಹೀಗಿರಬಹುದು. ವೆಂಡರ್ ಸಾಲು ಮೊದಲೇ ಹೇಳಿದಂತೆ: ‘ವಾಸ್ ರೆಡಿ’, ‘ವುಡ್ ಸೆಂಡ್’, 11 ಮಾರ್ಚ್. ಕ್ವಾಲಿಟಿ ಸಾಲಿನಲ್ಲಿ ಎರಡು ‘ಹ್ಯಾಡ್ ಬೀನ್’, 4 ಮಾರ್ಚ್. ಮುಂದಿನ ಸಾಲು: “ದ ಬಾಯರ್ ಆಸ್ಕ್ಡ್ ವೆನ್ ವಿ ವುಡ್ ಶಿಪ್, ಅಂಡ್ ಅವರ್ ಮ್ಯಾನೇಜರ್ ಅಗ್ರೀಡ್ ಟು ಶಿಪ್ ಬೈ 20 ಮಾರ್ಚ್.” ಅಕೌಂಟ್ಸ್ ಸಾಲಿನಲ್ಲಿ ‘ಮಸ್ಟ್’ ಹಾಗೇ ಉಳಿದಿದೆ. ಕಳಿಸುವ ಮುಂಚೆ ಅವನು ಪ್ರತಿ ‘ಸೆಡ್’ ಸಾಲಿಗೂ ಒಂದು ಸಣ್ಣ ಪರೀಕ್ಷೆ ಮಾಡಬೇಕು: ಈ ಸಾಲಿನಿಂದ ಮೂಲ ಮಾತನ್ನು ಹಿಂದಕ್ಕೆ ಕಟ್ಟಿದರೆ ಒಂದೇ ಮಾತು ಬರುತ್ತದೆಯೋ, ಎರಡು ಬರುತ್ತವೆಯೋ? ಎರಡು ಬಂದರೆ ‘ಹ್ಯಾಡ್’ ಅಥವಾ ತಾರೀಖು ಸೇರಿಸಬೇಕು.

ಇನ್ನು ಕನ್ನಡದಲ್ಲೇ ಮೇಲ್ ಬರೆಯುವ ಕಚೇರಿಗಳ ಮಾತು. ಇಂಗ್ಲಿಷ್ ನಿಯಮವನ್ನು ಚೆನ್ನಾಗಿ ಕಲಿತವರು ಕೆಲವೊಮ್ಮೆ ಅದನ್ನು ಕನ್ನಡಕ್ಕೂ ತಂದು ‘ಡೈ ಸಿದ್ಧವಾಗಿತ್ತು ಎಂದು ಹೇಳಿದರು’ ಎಂದು ಬರೆಯುತ್ತಾರೆ. ಅದು ಅರ್ಥವನ್ನೇ ಕೆಡಿಸುತ್ತದೆ. ಕನ್ನಡದಲ್ಲಿ ‘ಸಿದ್ಧವಾಗಿದೆ ಎಂದು’, ‘ಸಿದ್ಧವಾಗಿರುವುದಾಗಿ’, ‘ಕಳಿಸುವುದಾಗಿ’ ಎಂಬ ರೂಪಗಳೇ ಸರಿ, ಪತ್ರಿಕೆಗಳ ವರದಿಗಳಲ್ಲೂ ಓದುವುದು ಇವನ್ನೇ. ಒಂದು ವಿಷಯದಲ್ಲಿ ಮಾತ್ರ ಎರಡೂ ಭಾಷೆಗಳ ತೊಡಕು ಒಂದೇ. ‘ನಾಳೆ ಕಳಿಸುವುದಾಗಿ ಹೇಳಿದರು’ ಎಂಬ ಸಾಲನ್ನು ಶುಕ್ರವಾರ ಓದಿದವರಿಗೆ ಆ ನಾಳೆ ಯಾವ ದಿನವೆಂದು ಕನ್ನಡವೂ ಹೇಳುವುದಿಲ್ಲ. ‘ಮಾರ್ಚ್ 11, ಬುಧವಾರ’ ಎಂದು ಬರೆಯಬೇಕು.